ತೊಗರಿ ಗೋದಾಮಿನ ಬಾಜೂಕ ಯಾವ ಬ್ಯಾಟರಿ? ಕಪನೂರಿನ ಒಂದು ದಾಲ್ ಮಿಲ್ಲಿನ ಲೆಕ್ಕ

ಹೋದ ಬೇಸಿಗೆಯಲ್ಲಿ ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿಗೆ ಬ್ಯಾಟರಿ ಕೂರಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಸೋಲಾರ್ ಹಾಕುವ ಕೆಲಸದವನು, ಮಿಲ್ಲು ನಮ್ಮ ಕಾಕಾ ಅವರದು, ಹಾಗಾಗಿ ಬೇರೆ ಯಾರನ್ನೂ ಕೇಳುವ ಪ್ರಶ್ನೆಯೇ ಇರಲಿಲ್ಲ. ಚಾವಣಿ ಮೇಲೆ ಪ್ಯಾನೆಲ್ ಆಗಲೇ ಇತ್ತು. ಸಂಜೆ ಕರೆಂಟ್ ಹೋದಾಗ ಡೀಸೆಲ್ ಜನರೇಟರ್ ಹಚ್ಚುವುದು ಬಿಟ್ಟು, ಮಧ್ಯಾಹ್ನದ ಬಿಸಿಲನ್ನೇ ಕೂಡಿಟ್ಟುಕೊಂಡು ಬಳಸಬೇಕು ಅನ್ನುವುದು ಆಸೆ. ನೀರು ಮತ್ತು ಸತುವಿನಿಂದ ಮಾಡುವ ಜಿಂಕ್ ಅಯಾನ್ ಬ್ಯಾಟರಿ ಅಗ್ಗ, ಬೆಂಕಿ ಹತ್ತುವುದಿಲ್ಲ, ಶಕ್ತಿ ಲಿಥಿಯಂಗಿಂತ ಕಮ್ಮಿ ಆದರೂ ನಿಂತ ಜಾಗದ ಕೆಲಸಕ್ಕೆ ಸಾಕು ಅಂತ ಜನ ಹೇಳುತ್ತಾರೆ, ಆ ಮಾತನ್ನು ಈ ಮಿಲ್ಲಿನಲ್ಲಿ ಒರೆಗೆ ಹಚ್ಚಿದ ಲೆಕ್ಕ ಇದು. ಕಾಕಾ ಒಂದೇ ಷರತ್ತು ಹಾಕಿದರು.

"ಬೆಂಕಿ ಹತ್ತೋ ಸಾಮಾನ ಗೋದಾಮಿನ ಬಾಜೂಕ ಇಡಬ್ಯಾಡ ತಮ್ಮಾ. ಬಾಕಿದ್ದು ನಿನಗ ಬಿಟ್ಟಿದ್ದು."

ಹೇಳುವುದು ಸುಲಭ. ಅಲ್ಲಿ ಖಾಲಿ ಇದ್ದಿದ್ದು ಒಂದೇ ಕೋಣೆ, ಹತ್ತು ಅಡಿಗೆ ಹನ್ನೆರಡು ಅಡಿ, ಮೇಲೆ ತಗಡು. ಒಂದು ಗೋಡೆಯ ಆಚೆ ಗೋಣಿ ಚೀಲಗಳ ರಾಶಿ, ಇನ್ನೊಂದು ಗೋಡೆಯ ಆಚೆ ತೊಗರಿ ಒಡೆಯುವ ವಿಭಾಗ. ದಾಲ್ ಮಿಲ್ ನೋಡಿದವರಿಗೆ ಗೊತ್ತು, ಹೊಟ್ಟಿನ ಪುಡಿ ಎಲ್ಲೆಲ್ಲೂ ಹಾರಾಡುತ್ತಿರುತ್ತದೆ, ಸ್ವಿಚ್ ಬೋರ್ಡಿನ ಮೇಲೂ ಬೆರಳಲ್ಲಿ ಗೀಚಿ ಹೆಸರು ಬರೆಯುವಷ್ಟು.

ಮೊದಲು ಎಷ್ಟು ಬೇಕು ಅಂತ ನೋಡಿದೆವು. ತೊಗರಿ ಒಡೆಯುವ ದೊಡ್ಡ ಮೋಟರುಗಳನ್ನು ಬ್ಯಾಟರಿಯಲ್ಲಿ ಓಡಿಸುವ ಮಾತೇ ಇಲ್ಲ. ಬಣ್ಣ ನೋಡಿ ಬೇಳೆ ಆರಿಸುವ ಸಾರ್ಟೆಕ್ಸ್ ಯಂತ್ರ, ಅದರ ಏರ್ ಕಂಪ್ರೆಸರ್, ತೂಕದ ಕಾಟಾ, ಆಫೀಸು, ಕ್ಯಾಮೆರಾ, ದೀಪ, ಇಷ್ಟೇ. ಎಲ್ಲ ಸೇರಿ 10 ಕಿಲೋವ್ಯಾಟ್, ಮೂರು ತಾಸು. ಅಂದರೆ ದಿನಕ್ಕೆ 30 ಯೂನಿಟ್ ಕೈಗೆ ಸಿಗಬೇಕು. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದಲ್ವಾ, ಹಾಗಾಗಿ 40 ಯೂನಿಟ್ ಸಾಮರ್ಥ್ಯದ ಬ್ಯಾಟರಿ ಅಂತ ಇಟ್ಟುಕೊಂಡೆವು.

ಈಗಿನ ಕಾಲಕ್ಕೆ ಸುಲಭದ ಉತ್ತರ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ನಾನೂ ಅದನ್ನೇ ಹೇಳಿದೆ. ಆದರೆ ಅದರ ಒಳಗಿರುವ ದ್ರವ ನೀರಲ್ಲ, ಹೊತ್ತಿಕೊಳ್ಳುವ ಜಾತಿಯ ಸಾವಯವ ದ್ರಾವಕ. ಒಳಗೆ ಎಲ್ಲೋ ಶಾರ್ಟ್ ಆಗಿ ಸೆಲ್ ಕಾದರೆ ಆ ದ್ರವ ಆವಿಯಾಗಿ, ಒಡೆದು, ಉರಿಯುವ ಗ್ಯಾಸ್ ಆಗಿ ಹೊರಬರುತ್ತದೆ, ಆ ಶಾಖಕ್ಕೆ ಪಕ್ಕದ ಸೆಲ್ಲೂ ಕಾಯುತ್ತದೆ. ಅಮೆರಿಕದ ಅರಿಜೋನಾದ ಸರ್‌ಪ್ರೈಸ್ ಎಂಬ ಊರಲ್ಲಿ 2019ರಲ್ಲಿ ಹೀಗೇ ಆಯಿತು. ಬ್ಯಾಟರಿ ಕೋಣೆಯಲ್ಲಿ ಗ್ಯಾಸ್ ತುಂಬಿಕೊಂಡಿತ್ತು, ಅಗ್ನಿಶಾಮಕದವರು ಬಾಗಿಲು ತೆಗೆದ ಮೇಲೆ ಸ್ಫೋಟವಾಗಿ ಹಲವರು ಗಾಯಗೊಂಡರು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ದೊಡ್ಡ ಬ್ಯಾಟರಿ ಕೇಂದ್ರವೇ ಹೊತ್ತಿ ಉರಿದು, ಸುತ್ತಲಿನ ಸಾವಿರಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಬೇಕಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಆ ಎರಡೂ ಕಡೆ ಇದ್ದಿದ್ದು ನಿಕ್ಕಲ್ ಇರುವ ಲಿಥಿಯಂ ಬ್ಯಾಟರಿ. ಎಲ್‌ಎಫ್‌ಪಿ ಅದಕ್ಕಿಂತ ಬಹಳ ಶಾಂತ. ಆದರೂ ಒಳಗಿನ ದ್ರವದ ಜಾತಿ ಅದೇ. ಗೋಣಿ ಚೀಲದ ಗೋಡೆಗೆ ಒರಗಿಸಿ ಇಡಲು ನನಗೂ ಮನಸ್ಸು ಬರಲಿಲ್ಲ.

"ನೀರಿಂದು ಬ್ಯಾಟರಿ ಇಲ್ಲೇನು?" ಅಂತ ಕಾಕಾ ಕೇಳಿದರು. ಅವರ ಮನಸ್ಸಲ್ಲಿ ಇದ್ದಿದ್ದು ಮನೆ ಇನ್ವರ್ಟರ್‌ನ ಲೆಡ್ ಆಸಿಡ್ ಬ್ಯಾಟರಿ. ಅದನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ, ಹಾಗಾಗಿ 40 ಅಲ್ಲ, 60 ಯೂನಿಟ್‌ನಷ್ಟು ಹಾಕಬೇಕು. ನಮ್ಮ ಏಪ್ರಿಲ್ ಮೇ ಬಿಸಿಲಿಗೆ ತಗಡಿನ ಕೋಣೆಯಲ್ಲಿ ಅದರ ಆಯುಷ್ಯ ಇನ್ನೂ ಕಮ್ಮಿ. ಅದನ್ನು ಅಲ್ಲಿಗೇ ಬಿಟ್ಟೆವು.

ಆದರೆ ಕಾಕಾ ಕೇಳಿದ ಪ್ರಶ್ನೆ ಸರಿಯಾದದ್ದೇ. ನೀರನ್ನೇ ದ್ರಾವಕ ಮಾಡಿಕೊಂಡು, ಸೀಸದ ಬದಲು ಸತು ಬಳಸುವ ಬ್ಯಾಟರಿ ಇದೆ, ಜಿಂಕ್ ಅಯಾನ್ ಬ್ಯಾಟರಿ ಅಂತ. ಕೇಳಲು ಹೊಸದು, ಆದರೆ ಅದರ ಸಾಮಾನೆಲ್ಲ ನಮಗೆ ಪರಿಚಯದ್ದೇ. ಹಳೆ ಟಾರ್ಚಿನ ಸೆಲ್ ಒಡೆದು ನೋಡಿದವರಿಗೆ ನೆನಪಿರಬಹುದು: ಹೊರಗಿನ ಡಬ್ಬಿ ಸತುವಿನದು, ಒಳಗಿನ ಕಪ್ಪು ಪುಡಿಯಲ್ಲಿ ಮ್ಯಾಂಗನೀಸ್ ಡೈಆಕ್ಸೈಡ್. ಆ ಸೆಲ್ಲನ್ನು ಮತ್ತೆ ಚಾರ್ಜ್ ಮಾಡಲು ಬರುತ್ತಿರಲಿಲ್ಲ, ಅಷ್ಟೇ. 1986ರಲ್ಲಿ ಯಾಮಾಮೊಟೊ ಮತ್ತು ಶೋಜಿ ಎಂಬ ಇಬ್ಬರು ಜಪಾನಿನ ಸಂಶೋಧಕರು ಇದೇ ಜೋಡಿಯ ನಡುವೆ ಸತುವಿನ ಸಲ್ಫೇಟ್ ನೀರು ಹಾಕಿ, ಮತ್ತೆ ಮತ್ತೆ ಚಾರ್ಜ್ ಮಾಡಬಹುದು ಅಂತ ತೋರಿಸಿದರು. ಆಮೇಲೆ ಬಹಳ ವರ್ಷ ಯಾರೂ ಹೆಚ್ಚು ಗಮನ ಕೊಡಲಿಲ್ಲ. 2012ರ ಸುಮಾರಿಗೆ ಚೀನಾದ ಒಂದು ತಂಡ ಮತ್ತೆ ಕೈಗೆತ್ತಿಕೊಂಡ ಮೇಲೆ ವೇಗ ಬಂತು.

ಜಿಂಕ್ ಸಲ್ಫೇಟ್ ಅಂದರೆ ಗೊಬ್ಬರದ ಅಂಗಡಿಯಲ್ಲಿ ಸಿಗುವುದೇ, ಸತುವಿನ ಕೊರತೆ ಇರುವ ಹೊಲಕ್ಕೆ ಹಾಕುವುದು. ಒಂದು ಲೀಟರ್ ದ್ರಾವಣಕ್ಕೆ 575 ಗ್ರಾಂ ಹರಳು ಕರಗಿಸಿದರೆ ಬ್ಯಾಟರಿಗೆ ಸಾಮಾನ್ಯವಾಗಿ ಬಳಸುವ ಹದ ಬರುತ್ತದೆ. ಇದಕ್ಕೆ ಬೆಂಕಿ ಹಚ್ಚಲು ಹೋದರೆ ಕಡ್ಡಿ ಆರುತ್ತದೆ. ಬ್ಯಾಟರಿ ಬಳಸುವಾಗ ಸತು ಕರಗಿ ನೀರಿಗೆ ಹೋಗುತ್ತದೆ, ಚಾರ್ಜ್ ಮಾಡುವಾಗ ತಿರುಗಿ ತಗಡಿನ ಮೇಲೆ ಕೂರುತ್ತದೆ. ಆ ಕಡೆ ಮ್ಯಾಂಗನೀಸ್ ಪುಡಿಯ ಒಳಗೆ ಸತುವಿನ ಅಯಾನ್ ಹೋಗುತ್ತದೋ, ನೀರಿನ ಹೈಡ್ರೋಜನ್ ಅಯಾನ್ ಹೋಗುತ್ತದೋ, ಇಲ್ಲಾ ಆ ಪುಡಿಯೇ ಕರಗಿ ಮತ್ತೆ ಕೂರುತ್ತದೋ ಎಂಬ ಬಗ್ಗೆ ಸಂಶೋಧಕರಲ್ಲಿ ಇನ್ನೂ ಜಗಳ ಇದೆ. ಮೂರೂ ಸ್ವಲ್ಪ ಸ್ವಲ್ಪ ಆಗುತ್ತವೆ ಅಂತ ನನ್ನ ಅನಿಸಿಕೆ.

ಹಾಗಾದರೆ ಲಿಥಿಯಂಗಿಂತ ಶಕ್ತಿ ಯಾಕೆ ಕಮ್ಮಿ? ಸತು ಸೋಮಾರಿ ಅಂತ ಅಲ್ಲ. ಒಂದು ಗ್ರಾಂ ಸತು 820 ಮಿಲಿ ಆಂಪಿಯರ್ ತಾಸು ಚಾರ್ಜ್ ಹಿಡಿಯಬಲ್ಲದು, ಲಿಥಿಯಂ ಬ್ಯಾಟರಿಯ ಗ್ರಾಫೈಟ್ ಹಿಡಿಯುವುದು 372. ತೊಂದರೆ ಇರುವುದು ವೋಲ್ಟೇಜಿನಲ್ಲಿ. ಲೆಕ್ಕದ ಪ್ರಕಾರ ನೀರು 1.23 ವೋಲ್ಟ್‌ಗೇ ಒಡೆಯಬೇಕು. ಆ ಒಡೆಯುವಿಕೆ ನಿಧಾನ ಆಗಿರುವುದರಿಂದ 1.8 ವೋಲ್ಟ್ ತನಕ ಚಾರ್ಜ್ ಮಾಡಿ ಹೇಗೋ ತಪ್ಪಿಸಿಕೊಳ್ಳಬಹುದು, ಅದಕ್ಕಿಂತ ಮೇಲೆ ಹೋಗಲು ನೀರು ಬಿಡುವುದಿಲ್ಲ. ಬಳಸುವಾಗ ಸರಾಸರಿ 1.35 ವೋಲ್ಟ್ ಸಿಗುತ್ತದೆ. ಎಲ್‌ಎಫ್‌ಪಿ ಸೆಲ್ 3.2 ವೋಲ್ಟ್. ಅಷ್ಟೇ ಚಾರ್ಜ್ ಸಾಗಿಸಿದರೂ ಕೈಗೆ ಬರುವ ಯೂನಿಟ್ ಅರ್ಧಕ್ಕಿಂತ ಕಮ್ಮಿ. ಬೆಂಕಿ ಹತ್ತದಂತೆ ಕಾಯುವ ನೀರೇ ವೋಲ್ಟೇಜನ್ನೂ ಕಟ್ಟಿ ಹಾಕಿದೆ, ಎರಡನ್ನೂ ಬಿಡಿಸಿ ಬೇರೆ ಮಾಡಲು ಬರುವುದಿಲ್ಲ.

ಈಗ ಇದನ್ನು ಮಿಲ್ಲಿಗೆ ಹಚ್ಚಿ ನೋಡೋಣ. ಪೆಟ್ಟಿಗೆ, ಕಬ್ಬಿಣ ಎಲ್ಲ ಸೇರಿಸಿ ಎಲ್‌ಎಫ್‌ಪಿ ಕಿಲೋಗೆ 120 ವ್ಯಾಟ್ ತಾಸು ಅಂತ ಹಿಡಿದರೆ 40 ಯೂನಿಟ್‌ಗೆ ಸುಮಾರು 330 ಕಿಲೋ. ಜಿಂಕ್ ಅಯಾನ್‌ಗೆ ಕಿಲೋಗೆ 45 ಅಂತ ಕೈ ಬಿಗಿ ಹಿಡಿದು ಲೆಕ್ಕ ಹಾಕಿದರೆ ಸುಮಾರು 890 ಕಿಲೋ. ಕಾರಿಗೆ ಹಾಕುವುದಾದರೆ ಈ ವ್ಯತ್ಯಾಸ ದೊಡ್ಡದು, ಕಾರು ಬ್ಯಾಟರಿ ಹೊರುವುದರಲ್ಲೇ ಸುಸ್ತಾಗುತ್ತದೆ. ಇಲ್ಲಿ? ಐವತ್ತು ಕಿಲೋದ ಹದಿನೆಂಟು ಬೇಳೆ ಚೀಲದ ತೂಕ. ಹಮಾಲರು ಅಷ್ಟನ್ನು ಚಹಾ ಕುಡಿಯುವ ಮುಂಚೆ ಲಾರಿಗೆ ಏರಿಸುತ್ತಾರೆ, ಮತ್ತೆ ಈ ಚೀಲಗಳನ್ನು ಒಮ್ಮೆ ಇಟ್ಟ ಮೇಲೆ ಎತ್ತುವ ಕೆಲಸವೂ ಇಲ್ಲ. ಜಾಗ ಒಂದು ರ್‍ಯಾಕ್ ಬದಲು ಎರಡು, ಎರಡೂವರೆ ಬೇಕು. ನಿಂತ ಜಾಗದಲ್ಲಿ ನಿಲ್ಲುವ ಬ್ಯಾಟರಿಗೆ ತೂಕ ಹೆಚ್ಚೇನು ಲೆಕ್ಕಕ್ಕೆ ಬರುವುದಿಲ್ಲ ಅಂತ ಜನ ಹೇಳುವುದು ಇದಕ್ಕೇ.

ಲೆಕ್ಕಕ್ಕೆ ಬರುವುದು ಬೇರೆ ಕೆಲವು ಇವೆ, ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. 48 ವೋಲ್ಟ್ ಇನ್ವರ್ಟರ್‌ಗೆ ಎಲ್‌ಎಫ್‌ಪಿ ಆದರೆ 16 ಸೆಲ್ ಸಾಲಾಗಿ ಜೋಡಿಸಿದರೆ ಆಯಿತು. ಸತುವಿನದು 38 ಬೇಕು. ಎರಡು ಪಟ್ಟಿಗೂ ಮೀರಿ ಜಾಯಿಂಟು, ಎರಡು ಪಟ್ಟಿಗೂ ಮೀರಿ ಅಳತೆ ತಂತಿ. ಅದಕ್ಕಿಂತ ದೊಡ್ಡ ತಲೆನೋವು ಅಂದರೆ ಪ್ರತಿ ಸೆಲ್ಲು 1.8ರಿಂದ 1 ವೋಲ್ಟ್ ತನಕ ಜಾರುತ್ತದೆ, ಅಂದರೆ ಸಾಲು 68 ವೋಲ್ಟ್‌ನಿಂದ 38ರ ತನಕ. ಸಾಮಾನ್ಯವಾಗಿ ಸಿಗುವ ಇನ್ವರ್ಟರ್ ಅರುವತ್ತರ ಹತ್ತಿರವೇ ಕಿರುಚಿ ಬಂದ್ ಆಗುತ್ತದೆ. ಸೆಲ್ ಕಮ್ಮಿ ಮಾಡಿದರೆ ಕೆಳಗಿನ ತುದಿಯಲ್ಲಿ ಬೇಗ ಬಂದ್ ಆಗುತ್ತದೆ. ಇದಕ್ಕೆ ಅಂತಲೇ ಮಾಡಿದ ಇನ್ವರ್ಟರ್ ಬೇಕು. ಇನ್ನು ನಷ್ಟ: 30 ಯೂನಿಟ್ ತೆಗೆಯಲು ಎಲ್‌ಎಫ್‌ಪಿಗೆ 32 ತುಂಬಿದರೆ ಸಾಕು, ಸತುವಿಗೆ ಸುಮಾರು 36. ಆ ನಾಲ್ಕು ಯೂನಿಟ್‌ಗೆ ಚಾವಣಿ ಮೇಲೆ ಒಂದು ಕಿಲೋವ್ಯಾಟ್ ಪ್ಯಾನೆಲ್ ಜಾಸ್ತಿ ಹಾಕಬೇಕು. ನಮ್ಮ ಕಡೆ ಬಿಸಿಲಿಗೇನು ಬರ, ಅದು ದೊಡ್ಡ ಮಾತಲ್ಲ.

ಇಷ್ಟು ಕಾಗದದ ಮೇಲೆ. ಸುಮ್ನೆ ಓದಿ ನಂಬುವುದು ಬೇಡ ಅಂತ, ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವ ಗೆಳೆಯನ ಜೊತೆ ಕೂತು ಅಂಗೈಯಗಲದ ಕೆಲವು ಸೆಲ್ ಮಾಡಿದೆವು. ಹತ್ತು ಸೆಂಟಿಮೀಟರ್ ಚೌಕದ ಸತುವಿನ ಹಾಳೆ, ಗ್ರಾಫೈಟ್ ಹಾಳೆಯ ಮೇಲೆ ಮ್ಯಾಂಗನೀಸ್ ಡೈಆಕ್ಸೈಡ್ ಮತ್ತು ಇಂಗಾಲದ ಪುಡಿಯ ಲೇಪ, ನಡುವೆ ಗಾಜಿನ ನಾರಿನ ಹಾಳೆ, ಎಲ್ಲವನ್ನೂ ಪೌಚಿನಲ್ಲಿ ಹಾಕಿ ಬಾಯಿ ಬೆಸೆದೆವು. ತೆರೆದ ಮೇಜಿನ ಮೇಲೆ, ಫ್ಯಾನ್ ಕೆಳಗೆ ಕೂತು ಮಾಡಿದ್ದು ಅನ್ನುವುದನ್ನು ಗಮನಿಸಿ. ಲಿಥಿಯಂ ಸೆಲ್ಲನ್ನು ಹೀಗೆ ಮಾಡಲು ಆಗುವುದಿಲ್ಲ, ಗಾಳಿಯ ತೇವ ತೆಗೆದ ವಿಶೇಷ ಕೋಣೆ ಬೇಕು, ಆ ಕೋಣೆ ನಡೆಸಲು ಆಗುವ ಕರೆಂಟ್ ಖರ್ಚೇ ದೊಡ್ಡದು. ಅಗ್ಗ ಅನ್ನುವ ಮಾತಿಗೆ ಇದು ಗಟ್ಟಿ ಕಾರಣ.

ಒಂದೊಂದು ಸೆಲ್ಲು 200 ಮಿಲಿ ಆಂಪಿಯರ್ ತಾಸಿನದು. ಮೊದಲನೆಯದಕ್ಕೆ ಹುಮ್ಮಸ್ಸಿನಲ್ಲಿ ಗೊಬ್ಬರದ ಅಂಗಡಿಯ ಜಿಂಕ್ ಸಲ್ಫೇಟನ್ನೇ ಹಾಕಿದೆವು. ಹದಿನೈದು ದಿನಕ್ಕೆ ಪೌಚು ಪೂರಿಯ ಹಾಗೆ ಉಬ್ಬಿತು. ಒಳಗೆ ಹೈಡ್ರೋಜನ್. ಗೊಬ್ಬರದಲ್ಲಿರುವ ಕಬ್ಬಿಣ, ತಾಮ್ರದ ಚೂರುಪಾರು ಸತುವಿನ ಮೇಲೆ ಕೂತು, ನೀರಿನಿಂದ ಹೈಡ್ರೋಜನ್ ಹೊರಡುವುದನ್ನು ಸಲೀಸು ಮಾಡುತ್ತವೆ.

ಎಷ್ಟು ಗ್ಯಾಸ್ ಆಯಿತು ಅಂತ ತಿಳಿಯಲು ದುಬಾರಿ ಯಂತ್ರ ಬೇಡ. ಪೌಚನ್ನು ಅಳತೆ ಜಾರಿನ ನೀರಲ್ಲಿ ಮುಳುಗಿಸಿ ಮಟ್ಟ ಎಷ್ಟು ಏರಿತು ನೋಡಿ, ಮೊದಲ ದಿನದ್ದಕ್ಕೆ ಹೋಲಿಸಿದರೆ ಆಯಿತು. ನಮ್ಮದು 12 ಮಿಲಿ ಲೀಟರ್ ಹಿಗ್ಗಿತ್ತು. ಒಂದು ಆಂಪಿಯರ್ ತಾಸು ಚಾರ್ಜ್ ಹೈಡ್ರೋಜನ್ ಆಗಿ ಹೋದರೆ ಸುಮಾರು 450 ಮಿಲಿ ಲೀಟರ್ ಗ್ಯಾಸ್ ಆಗುತ್ತದೆ. ಹಾಗಾಗಿ 12 ಮಿಲಿ ಲೀಟರ್ ಅಂದರೆ 27 ಮಿಲಿ ಆಂಪಿಯರ್ ತಾಸು ಹಾಳಾಗಿದೆ, ದಿನಕ್ಕೆ ಹೆಚ್ಚುಕಮ್ಮಿ 2, ಅಂದರೆ ಸೆಲ್ಲಿನ ಸಾಮರ್ಥ್ಯದ ನೂರಕ್ಕೆ ಒಂದು ಭಾಗ. ಹತ್ತು ವರ್ಷ ನಡೆಯಬೇಕಾದ ಬ್ಯಾಟರಿ ನೂರು ದಿನಕ್ಕೆ ತನ್ನ ಸಾಮರ್ಥ್ಯದಷ್ಟೇ ಸತುವನ್ನು ತಿಂದು ಹಾಕುತ್ತದೆ. ಲ್ಯಾಬಿನ ಶುದ್ಧ ಜಿಂಕ್ ಸಲ್ಫೇಟ್ ಹಾಕಿದ ಸೆಲ್ಲು ಅದೇ ಅವಧಿಯಲ್ಲಿ 3 ಮಿಲಿ ಲೀಟರ್ ಮಾತ್ರ ಹಿಗ್ಗಿತು. ಬಹಳ ವಾಸಿ, ಆದರೂ ಸಾಲದು. ಅದೇ ಶುದ್ಧ ಜಿಂಕ್ ಸಲ್ಫೇಟಿನ ಇನ್ನೊಂದು ಸೆಲ್ಲನ್ನು ಮಿಲ್ಲಿನ ತಗಡಿನ ಕೋಣೆಯಲ್ಲಿ ಇಟ್ಟಾಗ ಉಬ್ಬು ಎರಡು ಪಟ್ಟು ದಾಟಿತು. ಕಲಬುರಗಿಯ ಮೇ ತಿಂಗಳು ಯಾರನ್ನೂ ಬಿಡುವುದಿಲ್ಲ.

ಹೈಡ್ರೋಜನ್ ಹೋದರೆ ಹೋಗಲಿ ಅನ್ನುವ ಹಾಗಿಲ್ಲ. ಅದು ಹೋದ ಜಾಗದಲ್ಲಿ ನೀರು ಕ್ಷಾರ ಆಗುತ್ತದೆ. ಆಗ ಸತು, ಸಲ್ಫೇಟ್, ನೀರು ಸೇರಿ ಬಿಳಿ ಹಕ್ಕಳೆಯಾಗಿ ತಗಡಿನ ಮೇಲೆ ಕೂರುತ್ತವೆ, ಆ ಸತು ಮತ್ತೆ ಕೆಲಸಕ್ಕೆ ಬರುವುದು ಕಷ್ಟ. ಸೆಲ್ ಬಿಚ್ಚಿದಾಗ ಗೋಡೆಯ ಸುಣ್ಣ ಎದ್ದ ಹಾಗೆ ಕಾಣಿಸಿತು. ಇನ್ನೊಂದು ಮಾತು: ಬೆಂಕಿ ಹತ್ತದ ಬ್ಯಾಟರಿ ಅನ್ನುವಾಗ ಈ ಹೈಡ್ರೋಜನನ್ನು ಮರೆಯಬಾರದು. ದ್ರವ ಉರಿಯುವುದಿಲ್ಲ ನಿಜ, ಆದರೆ ಮುಚ್ಚಿದ ಕೋಣೆಯ ಗಾಳಿಯಲ್ಲಿ ಹೈಡ್ರೋಜನ್ ನೂರಕ್ಕೆ ನಾಲ್ಕು ಭಾಗ ಸೇರಿದರೆ ಒಂದು ಕಿಡಿ ಸಾಕು. ಲೆಡ್ ಆಸಿಡ್ ಕೋಣೆಗೆ ಬಿಡುವ ಹಾಗೆ ಮೇಲುಗಡೆ ಗಾಳಿಕಿಂಡಿ ಬೇಕೇ ಬೇಕು.

ಎರಡನೇ ಕಾಟ ಆರನೇ ವಾರಕ್ಕೆ ಬಂತು. ಚಾರ್ಜ್ ಆಗುವಾಗ ವೋಲ್ಟೇಜ್ 1.8ಕ್ಕೆ ಏರಬೇಕಿತ್ತು, 1.55ರಲ್ಲೇ ನಿಂತು ನಡುಗತೊಡಗಿತು. ಯಂತ್ರ 300ಕ್ಕೂ ಹೆಚ್ಚು ಮಿಲಿ ಆಂಪಿಯರ್ ತಾಸು ತುಂಬಿದೆ ಅಂತ ತೋರಿಸುತ್ತಿದೆ, ತಿರುಗಿ ತೆಗೆದರೆ ಬಂದಿದ್ದು 150. ತಳ ತೂತಾದ ಕೊಡಕ್ಕೆ ನೀರು ಹಾಕಿದಂತೆ. ಹೀಗೆ ಕಂಡರೆ ಒಳಗೆ ಸಣ್ಣ ಶಾರ್ಟ್ ಆಗಿದೆ ಅಂತಲೇ ಅರ್ಥ. ಬಿಚ್ಚಿ ನೋಡಿದರೆ ಗಾಜಿನ ನಾರಿನ ಹಾಳೆಯಲ್ಲಿ ಪಾಚಿಯಂಥ ಬೂದು ಚುಕ್ಕೆಗಳು. ಸತು ಸಮನಾಗಿ ಕೂರದೆ ಮುಳ್ಳು ಮುಳ್ಳಾಗಿ ಬೆಳೆದು ಆ ಕಡೆ ಮುಟ್ಟಿದೆ. ಲಿಥಿಯಂ ಸೆಲ್ಲಿನಲ್ಲಿ ಇಂಥದ್ದೇ ಶಾರ್ಟ್ ಆಗಿದ್ದರೆ ನಾವು ಓಡುತ್ತಿದ್ದೆವು. ಇಲ್ಲಿ ಸೆಲ್ಲು ಕೈಗೆ ಬಿಸಿ ಕೂಡ ಆಗಿರಲಿಲ್ಲ, ಸತ್ತಿತ್ತು ಅಷ್ಟೇ. ಆ ದಿನ ನನಗೆ ಈ ಬ್ಯಾಟರಿ ಮೇಲೆ ನಂಬಿಕೆ ಬಂತು ಅಂದರೆ ಗೆಳೆಯ ನಕ್ಕ, ಕೆಟ್ಟ ದಿನವೇ ನಂಬಿಕೆ ಬಂತಾ ಅಂತ. ಹೌದು, ಕೆಟ್ಟಿದ್ದು ನೋಡಿಯೇ ಬಂತು.

ಆಮೇಲಿನ ಸೆಲ್ಲುಗಳನ್ನು ಎರಡು ಅಕ್ರಿಲಿಕ್ ಹಲಗೆ ನಡುವೆ ಬೋಲ್ಟ್ ಹಾಕಿ ಒತ್ತಿ ಹಿಡಿದೆವು, ಸತು ಚಪ್ಪಟೆಯಾಗಿ ಕೂರಲಿ ಅಂತ. ನೀರಿಗೆ ಲೀಟರಿಗೆ 17 ಗ್ರಾಂ ಮ್ಯಾಂಗನೀಸ್ ಸಲ್ಫೇಟ್ ಸೇರಿಸಿದೆವು, ಕಪ್ಪು ಪುಡಿಯಿಂದ ಮ್ಯಾಂಗನೀಸ್ ಕರಗಿ ಹೋಗುವುದು ತಗ್ಗಲಿ ಅಂತ. ಎರಡೂ ನಮ್ಮ ಉಪಾಯವಲ್ಲ, ಈ ಕೆಲಸದಲ್ಲಿ ಇರುವವರೆಲ್ಲ ಮಾಡುವುದೇ. ಸೆಲ್ಲುಗಳು ಕಣ್ಣಿಗೆ ಕಾಣುವಷ್ಟು ಹೆಚ್ಚು ಬಾಳಿದವು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. 5000 ಸಲ ಚಾರ್ಜ್ ಮಾಡಿದರೂ ಗಟ್ಟಿ ಇತ್ತು ಎಂಬ ವರದಿಗಳು ಈ ಬ್ಯಾಟರಿ ಬಗ್ಗೆ ಬೇಕಾದಷ್ಟಿವೆ. ಓದುವಾಗ ಎರಡು ವಿಷಯ ಹುಡುಕಿ. ಒಂದು, ಸತುವಿನ ಹಾಳೆ ಎಷ್ಟು ದಪ್ಪ. ನಮ್ಮ ಮೊದಲ ಹಾಳೆ 100 ಮೈಕ್ರಾನ್, ಅದರಲ್ಲಿ 5,800 ಮಿಲಿ ಆಂಪಿಯರ್ ತಾಸಿನಷ್ಟು ಸತು ಇತ್ತು. ನಾವು ಬಳಸಿದ್ದು 200, ನೂರಕ್ಕೆ ಮೂರೂವರೆ ಭಾಗ. ದಿನಾ ಸ್ವಲ್ಪ ಸತು ಹಾಳಾದರೂ ಹಿಂದೆ ದೊಡ್ಡ ಗಂಟು ಇರುವುದರಿಂದ ಗೊತ್ತೇ ಆಗುವುದಿಲ್ಲ. 20 ಮೈಕ್ರಾನ್ ಹಾಳೆ ಹಾಕಿದ ತಕ್ಷಣ ಸೆಲ್ಲಿನ ನಿಜ ಬಣ್ಣ ಬಯಲಾಯಿತು. ಎರಡು, ಎಷ್ಟು ಬೇಗ ಓಡಿಸಿದ್ದಾರೆ. ಹನ್ನೆರಡು ನಿಮಿಷ ತುಂಬಿ ಹನ್ನೆರಡು ನಿಮಿಷ ತೆಗೆದರೆ 5000 ಸಲ ಅನ್ನುವುದು 83 ದಿನಕ್ಕೆ ಮುಗಿಯುತ್ತದೆ. ಮಿಲ್ಲಿನಲ್ಲಿ ದಿನಕ್ಕೆ ಒಂದೇ ಸಲ, 5000 ಸಲಕ್ಕೆ ಹದಿಮೂರು ವರ್ಷ ದಾಟುತ್ತದೆ. ಹೈಡ್ರೋಜನ್ ಎಣಿಸುವುದು ದಿನಗಳನ್ನು, ಸಲಗಳನ್ನಲ್ಲ.

ದುಡ್ಡಿನ ಮಾತು. ಸತು ಕಿಲೋಗೆ 250 ರೂಪಾಯಿ ಆಸುಪಾಸು ಅಂತ ಹಿಡಿಯಿರಿ. ಲೆಕ್ಕದ ಪ್ರಕಾರ ಒಂದು ಯೂನಿಟ್ ಸಾಮರ್ಥ್ಯಕ್ಕೆ 900 ಗ್ರಾಂ ಸತು ಸಾಕು, ಹಾಳಾಗುವುದಕ್ಕೆ ಅಂತ ಮೂರು ಪಟ್ಟು ಹಾಕಿದರೂ 40 ಯೂನಿಟ್‌ಗೆ ಸುಮಾರು 110 ಕಿಲೋ, 30 ಸಾವಿರ ರೂಪಾಯಿ ಒಳಗೆ. ಸತು ರಾಜಸ್ಥಾನದಲ್ಲಿ ನಮ್ಮದೇ ಗಣಿಯಿಂದ ಬರುತ್ತದೆ, ಮ್ಯಾಂಗನೀಸ್ ಅದಿರು ಇಲ್ಲೇ ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿದೆ. ಲಿಥಿಯಂ ಹಾಗಲ್ಲ. ಅದರ ಬೆಲೆ 2022ರ ಕೊನೆಗೆ ಆಕಾಶಕ್ಕೆ ಹೋಗಿತ್ತು. ಸತುವಿನ ಬ್ಯಾಟರಿ ಕಂಪನಿಗಳಿಗೆ ಜನ ದುಡ್ಡು ಹಾಕಲು ಆ ಬೆಲೆಯೂ ಒಂದು ಕಾರಣ. ಆಮೇಲೆ ಅದೇ ಲಿಥಿಯಂ ಧೊಪ್ಪನೆ ಬಿತ್ತು, ಎಲ್‌ಎಫ್‌ಪಿಯೂ ಅಗ್ಗ ಆಯಿತು. ಸಾಮಾನು ಅಗ್ಗ ಆದರೆ ಸಾಲದು, ದೊಡ್ಡ ಫ್ಯಾಕ್ಟರಿಯಲ್ಲಿ ಲಕ್ಷಗಟ್ಟಲೆ ಸೆಲ್ ಮಾಡಿದಾಗ ಮಾತ್ರ ಮಾರುವ ಬೆಲೆ ಇಳಿಯುತ್ತದೆ. ಎಲ್‌ಎಫ್‌ಪಿ ಆ ಹಂತ ದಾಟಿ ಬಂದಿದೆ, ಜಿಂಕ್ ಅಯಾನ್ ಇನ್ನೂ ಬಾಗಿಲಲ್ಲಿ ನಿಂತಿದೆ. ನನ್ನ ಲೆಕ್ಕದಲ್ಲಿ ಜಿಂಕ್ ಅಯಾನ್‌ನ ನಿಜವಾದ ಎದುರಾಳಿ ಹೈಡ್ರೋಜನ್ ಅಲ್ಲ, ಎಲ್‌ಎಫ್‌ಪಿಯ ಈ ಅಗ್ಗದ ಬೆಲೆ.

ಕಡೆಗೆ ಮಿಲ್ಲಿಗೆ ಹಾಕಿದ್ದು ಎಲ್‌ಎಫ್‌ಪಿ. ಗ್ಯಾರಂಟಿ ಕಾರ್ಡ್ ಜೊತೆ ಜಿಂಕ್ ಅಯಾನ್ ಬ್ಯಾಟರಿ ಕೊಡುವವರು ನನಗೆ ಇಲ್ಲಿ ಸಿಗಲಿಲ್ಲ, ನಾವು ಮಾಡಿದ ಪೌಚುಗಳನ್ನು ನಂಬಿ ಮಿಲ್ ನಡೆಸಲು ಆಗುತ್ತಾ? ಆದರೆ ತಗಡಿನ ಕೋಣೆಯಲ್ಲಿ ಇಡಲಿಲ್ಲ. ಗೋದಾಮಿನಿಂದ ದೂರ, ಕಾಂಪೌಂಡ್ ಮೂಲೆಯ ಬೇವಿನ ಮರದ ಹತ್ತಿರ ಇಟ್ಟಿಗೆಯ ಬೇರೆ ಕೋಣೆ ಕಟ್ಟಿಸಿದೆವು, ಅಲ್ಲಿಂದ ನೆಲದೊಳಗೆ ದಪ್ಪ ಕೇಬಲ್. ಗೋಡೆ, ಸ್ಲ್ಯಾಬು, ಕೇಬಲ್ಲು, ಅಗೆತ ಎಲ್ಲ ಸೇರಿ ಬಂದ ಬಿಲ್ಲು ನೋಡಿ ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬ್ಯಾಟರಿ ಹೋಲಿಸುವ ಪಟ್ಟಿಗಳಲ್ಲಿ ಈ ಖರ್ಚನ್ನು ಯಾರೂ ಲಿಥಿಯಂ ಹೆಸರಿಗೆ ಬರೆಯುವುದಿಲ್ಲ. ಗಾಳಿಕಿಂಡಿ ಇರುವ ಹಳೆ ಕೋಣೆಯಲ್ಲೇ ಕೂರುವ ಬ್ಯಾಟರಿ ಇದ್ದಿದ್ದರೆ ಇದೆಲ್ಲ ಉಳಿಯುತ್ತಿತ್ತು.

"ನಿನ್ನ ಆ ನೀರಿಂದು ಬ್ಯಾಟರಿ ಯಾವಾಗ ಬರ್ತದ?" ಅಂತ ಕೇಳಿದರು.

"ಇದು ಮುದುಕ ಆಗೂದ್ರಾಗ ಬರಬೇಕು ಕಾಕಾ" ಅಂದೆ.

ಆ ತಗಡಿನ ಕೋಣೆಗೆ ಈಗ ಖಾಲಿ ಗೋಣಿ ತುಂಬಿದ್ದಾರೆ. ಗೆಳೆಯನ ಲ್ಯಾಬಿನಲ್ಲಿ 20 ಮೈಕ್ರಾನ್ ಹಾಳೆಯ ಎರಡು ಸೆಲ್ಲು ಇನ್ನೂ ದಿನಕ್ಕೆ ಒಂದೇ ಸಲದಂತೆ ಓಡುತ್ತಿವೆ. ಪ್ರತಿ ಶನಿವಾರ ಜಾರಿನಲ್ಲಿ ಮುಳುಗಿಸಿ ಮಟ್ಟ ಬರೆದಿಡುತ್ತೇವೆ.